120 ಟ್ರೇಡ್, ಹತ್ತು ಸಾವಿರ ಕಲಸು: ನಿಮ್ಮ ಲಾಗ್‌ನಿಂದ ಮುಂದಿನ ಡ್ರಾಡೌನ್ ಅಂದಾಜು ಮಾಡುವುದು ಹೇಗೆ

ನಾನು ನಿಫ್ಟಿ ಟ್ರೇಡ್ ಮಾಡುತ್ತೇನೆ. ಸ್ಟಾಪ್‌ಲಾಸ್ ಎಷ್ಟೋ, ಟಾರ್ಗೆಟ್ ಅದರ ಎರಡರಷ್ಟು. ಒಂದು ಹಂತದಲ್ಲಿ ಲಾಗ್‌ನಲ್ಲಿ 120 ಟ್ರೇಡ್ ಆಗಿದ್ದವು. 48 ಗೆದ್ದಿದ್ದೆ, 72 ಸೋತಿದ್ದೆ. ಒಂದು ಟ್ರೇಡ್‌ಗೆ ಒಡ್ಡುವ ರಿಸ್ಕನ್ನು 1 ಆರ್ ಅಂತ ಇಟ್ಟುಕೊಂಡರೆ ಗೆಲುವು 96 ಆರ್, ಸೋಲು 72 ಆರ್, ಉಳಿದಿದ್ದು 24 ಆರ್. ಆ 120 ಟ್ರೇಡ್‌ಗಳ ನಡುವೆ ಖಾತೆ ಅತಿ ಹೆಚ್ಚು ಎಂದರೆ 7 ಆರ್ ಕೆಳಗೆ ಹೋಗಿತ್ತು. ನನಗೆ 1 ಆರ್ ಅಂದರೆ 5,000 ರೂಪಾಯಿ, ಕ್ಯಾಪಿಟಲ್ 5 ಲಕ್ಷ. ಹಾಗಾಗಿ 35,000 ಇಳಿತ. ನಾನೂ ಎಲ್ಲರ ಹಾಗೆ ಡೈರಿಯಲ್ಲಿ ಬರೆದುಕೊಂಡೆ: "ಈ ಸಿಸ್ಟಮ್‌ನ ಮ್ಯಾಕ್ಸ್ ಡ್ರಾಡೌನ್ 35,000. 40,000 ದಾಟಿದರೆ ಸಿಸ್ಟಮ್ ಕೆಟ್ಟಿದೆ ಅಂತ ಅರ್ಥ, ನಿಲ್ಲಿಸಬೇಕು."

ಆ ಸಾಲು ತಪ್ಪು. ಆ 7 ಆರ್ ನನ್ನ ಸಿಸ್ಟಮ್‌ನ ಗುಣ ಅಲ್ಲ, ಟ್ರೇಡ್‌ಗಳು ಬಂದ ಕ್ರಮದ ಗುಣ. ಅದೇ 120 ಫಲಿತಾಂಶ ಬೇರೆ ಕ್ರಮದಲ್ಲಿ ಬಂದಿದ್ದರೆ 5 ಆರ್ ಆಗಬಹುದಿತ್ತು, 15 ಆರ್ ಕೂಡ ಆಗಬಹುದಿತ್ತು. ಅದಕ್ಕೇ ಲಾಗನ್ನು ಇಸ್ಪೀಟ್ ಎಲೆ ಕಲಸಿದ ಹಾಗೆ ಸಾವಿರಾರು ಸಲ ಕಲಸಿ, ಪ್ರತಿ ಸಲ ಡ್ರಾಡೌನ್ ಅಳೆದು ನೋಡುವುದು. ಇದಕ್ಕೆ ಮಾಂಟೆ ಕಾರ್ಲೊ ಅನ್ನುವ ದೊಡ್ಡ ಹೆಸರಿದೆ. ಕೆಲಸ ಮಾತ್ರ ಸಣ್ಣದು.

ಮೊದಲು ಕೈಯಲ್ಲೇ ಮಾಡಿ ನೋಡಿ

ಹತ್ತು ಟ್ರೇಡ್ ತೆಗೆದುಕೊಳ್ಳೋಣ. ನಾಲ್ಕು ಗೆಲುವು, ಆರು ಸೋಲು. ಒಟ್ಟು ಲಾಭ 2 ಆರ್.

ಮೊದಲ ಕ್ರಮ: −1, −1, +2, −1, +2, −1, −1, +2, −1, +2. ಸೊನ್ನೆಯಿಂದ ಕೂಡುತ್ತಾ ಹೋದರೆ ಖಾತೆ ಹೀಗೆ ಸಾಗುತ್ತದೆ: −1, −2, 0, −1, 1, 0, −1, 1, 0, 2. ಅಲ್ಲಿಯವರೆಗಿನ ಎತ್ತರದ ಜಾಗದಿಂದ ಎಷ್ಟು ಕೆಳಗೆ ಬಂದೆವು ಅನ್ನುವುದೇ ಡ್ರಾಡೌನ್. ಇಲ್ಲಿ ಅತಿ ದೊಡ್ಡದು 2 ಆರ್.

ಎರಡನೇ ಕ್ರಮ: +2, −1, −1, −1, +2, −1, −1, −1, +2, +2. ಖಾತೆ: 2, 1, 0, −1, 1, 0, −1, −2, 0, 2. ಇಲ್ಲಿ 2ರಿಂದ −2ಕ್ಕೆ ಇಳಿದಿದ್ದೇವೆ. ಡ್ರಾಡೌನ್ 4 ಆರ್.

ಟ್ರೇಡ್‌ಗಳು ಅವೇ, ಕೊನೆಯ ಲಾಭ ಅದೇ, ಇಳಿತ ಮಾತ್ರ ಎರಡು ಪಟ್ಟು. ಹತ್ತೇ ಟ್ರೇಡ್‌ಗೆ ಹೀಗಾದರೆ 120ಕ್ಕೆ ಎಷ್ಟೆಲ್ಲ ಆಗಬಹುದು ನೋಡಿ.

ಲಾಗ್ ಶುಚಿ ಮಾಡುವುದು

ಅರ್ಧಕ್ಕಿಂತ ಜಾಸ್ತಿ ತಪ್ಪು ಇಲ್ಲೇ ಆಗುವುದು, ಹಾಗಾಗಿ ಇಲ್ಲಿ ಸ್ವಲ್ಪ ನಿಧಾನಿಸೋಣ.

ರೂಪಾಯಿ ಲೆಕ್ಕವನ್ನು ನೇರವಾಗಿ ಕಲಸಬೇಡಿ. ನಿಫ್ಟಿ ಲಾಟ್ ಸೈಜ್ 2024ರ ಏಪ್ರಿಲ್‌ನಲ್ಲಿ 50ರಿಂದ 25ಕ್ಕೆ ಇಳಿಯಿತು, ಅದೇ ವರ್ಷ ನವೆಂಬರ್ 20ರಿಂದ ಹೊಸ ಕಾಂಟ್ರಾಕ್ಟ್‌ಗಳಿಗೆ 75 ಆಯಿತು. ಒಂದೇ ಲಾಟ್‌ನಲ್ಲಿ 40 ಪಾಯಿಂಟ್ ಹೋದರೆ ಒಂದು ಕಾಲದಲ್ಲಿ 1,000 ರೂಪಾಯಿ ನಷ್ಟ, ಇನ್ನೊಂದು ಕಾಲದಲ್ಲಿ 3,000. ಈ ಎರಡನ್ನೂ ಒಂದೇ ಡಬ್ಬಿಗೆ ಹಾಕಿ ಕಲಸಿದರೆ ಬರುವ ಉತ್ತರಕ್ಕೆ ಅರ್ಥವೇ ಇರುವುದಿಲ್ಲ. ಅದಕ್ಕೆ ಪ್ರತಿ ಟ್ರೇಡ್‌ನ ನಿವ್ವಳ ಲಾಭ ಅಥವಾ ನಷ್ಟವನ್ನು ಆ ಟ್ರೇಡ್‌ಗೆ ಇಟ್ಟಿದ್ದ ರಿಸ್ಕ್‌ನಿಂದ ಭಾಗಿಸಿ. 5,000 ರಿಸ್ಕ್ ಇಟ್ಟು 9,400 ಬಂದರೆ +1.88 ಆರ್. ಸ್ಟಾಪ್ ಜಾರಿ 6,200 ಹೋದರೆ −1.24 ಆರ್. ನಿವ್ವಳ ಅಂದರೆ ಬ್ರೋಕರೇಜ್, ಎಸ್‌ಟಿಟಿ, ಜಿಎಸ್‌ಟಿ, ಸ್ಟಾಂಪ್ ಡ್ಯೂಟಿ ಎಲ್ಲ ಕಳೆದ ಮೇಲೆ ಉಳಿದದ್ದು. ಖರ್ಚು ಕಳೆಯದ ಲಾಗ್ ಯಾವಾಗಲೂ ಸಿಹಿ ಸುಳ್ಳು ಹೇಳುತ್ತದೆ.

ಈ ಬರಹದಲ್ಲಿ ಎಲ್ಲವನ್ನೂ +2 ಮತ್ತು −1 ಅಂತ ಸರಳ ಮಾಡಿದ್ದೇನೆ, ನೀವೂ ಅದೇ ಲೆಕ್ಕ ಓಡಿಸಿ ನೋಡಲಿ ಅಂತ. ನಿಮ್ಮ ಲಾಗ್‌ನಲ್ಲಿ ಹಾಗೆ ಮಾಡಬೇಡಿ. ಆ −1.24, −1.6 ಇರುವುದೇ ಮುಖ್ಯ.

ಇನ್ನೊಂದು ವಿಷಯ. ಒಂದು ಸಾಲು ಅಂದರೆ ಒಂದು ನಿರ್ಧಾರ ಆಗಿರಬೇಕು. ಸ್ಟ್ರ್ಯಾಡಲ್ ಮಾರಿದ್ದರೆ ಕಾಲ್ ಒಂದು ಸಾಲು, ಪುಟ್ ಒಂದು ಸಾಲು ಅಂತ ಬ್ರೋಕರ್ ರಿಪೋರ್ಟ್ ಬಂದಿರುತ್ತದೆ. ಅದನ್ನು ಹಾಗೇ ಕಲಸಿದರೆ ಒಂದರ ನಷ್ಟ ಜನವರಿಗೆ, ಅದನ್ನು ಸರಿದೂಗಿಸಿದ ಇನ್ನೊಂದರ ಲಾಭ ಜೂನ್‌ಗೆ ಹೋಗಿ ಕೂರುತ್ತದೆ. ಇಲ್ಲದ ಡ್ರಾಡೌನ್ ಹುಟ್ಟುತ್ತದೆ. ಇದರ ಉಲ್ಟಾ ಇನ್ನೂ ಅಪಾಯ: ಒಂದೇ ದಿನ ನಾಲ್ಕು ಬ್ಯಾಂಕ್ ಶೇರು ಕೊಂಡು ನಾಲ್ಕೂ ಒಟ್ಟಿಗೆ ಬಿದ್ದಿದ್ದರೆ ಅವು ನಿಜದಲ್ಲಿ ಒಂದೇ ಸೋಲು. ಬಿಡಿಬಿಡಿಯಾಗಿ ಕಲಸಿದರೆ ಆ ನಾಲ್ಕು ಸೋಲು ಚದುರಿ ಹೋಗಿ ಡ್ರಾಡೌನ್ ನಿಜಕ್ಕಿಂತ ಚಿಕ್ಕದಾಗಿ ಕಾಣುತ್ತದೆ. ಒಟ್ಟಿಗೆ ತೆರೆದಿದ್ದ ಟ್ರೇಡ್‌ಗಳನ್ನು ದಿನದ ಲೆಕ್ಕಕ್ಕೆ ಕೂಡಿಸಿ ಒಂದು ಸಂಖ್ಯೆ ಮಾಡಿಬಿಡಿ.

ಕಲಸುವುದು

ಪೈಥಾನ್ ಇಲ್ಲದವರು ಎಕ್ಸೆಲ್‌ನ ಹೊಸ ಆವೃತ್ತಿಯಲ್ಲಿ ಮಾಡಬಹುದು. ಫಲಿತಾಂಶಗಳು A2ರಿಂದ A121ರವರೆಗೆ ಇವೆ ಅಂದುಕೊಳ್ಳಿ. ಮೊದಲ ಸೂತ್ರ B2ನಲ್ಲಿ, ಎರಡನೆಯದು C2ನಲ್ಲಿ, ಮೂರನೆಯದು D2ನಲ್ಲಿ. C ಮತ್ತು D ಕಾಲಂಗಳನ್ನು 121ನೇ ಸಾಲಿನವರೆಗೆ ಎಳೆಯಿರಿ. ಕೊನೆಯ ಸೂತ್ರ ಯಾವುದಾದರೂ ಖಾಲಿ ಜಾಗದಲ್ಲಿ.

```
=SORTBY(A2:A121, RANDARRAY(120))
=SUM(B$2:B2)
=MAX(0, C$2:C2)-C2
=MAX(D2:D121)
```

F9 ಒತ್ತಿದಾಗೆಲ್ಲ ಹೊಸ ಕಲಸು, ಹೊಸ ಡ್ರಾಡೌನ್. ಒಂದು ಇಪ್ಪತ್ತು ಸಲ ಸುಮ್ನೆ ಒತ್ತಿ ನೋಡಿ. ಸಂಖ್ಯೆ 6, 13, 9, 8, 17 ಅಂತ ಕುಣಿಯುವುದನ್ನು ಕಣ್ಣಾರೆ ನೋಡಿದರೆ ತಿಳಿಯುವಷ್ಟು ಯಾವ ವಿವರಣೆಯಿಂದಲೂ ತಿಳಿಯುವುದಿಲ್ಲ. ಆದರೆ ಹತ್ತು ಸಾವಿರ ಸಲ ಒತ್ತಲು ಆಗಲ್ಲ ಅಲ್ವಾ, ಅದಕ್ಕೆ ಪೈಥಾನ್:

```python
import numpy as np
rng = np.random.default_rng(7)
r = np.array([2.0]*48 + [-1.0]*72)

def maxdd(x):
    eq = np.concatenate(([0.0], np.cumsum(x)))
    return (np.maximum.accumulate(eq) - eq).max()

dd = np.array([maxdd(rng.permutation(r)) for _ in range(10000)])
print(np.percentile(dd, [50, 95, 99]))
print((dd > 7).mean())
```

ಆ `[0.0]` ಯಾಕೆ ಅಂತ ಕೇಳಬಹುದು. ಅದಿಲ್ಲದಿದ್ದರೆ ಮೊದಲ ಟ್ರೇಡ್ ಆದ ಮೇಲಿನ ಜಾಗವನ್ನೇ ಪ್ರೋಗ್ರಾಂ ಆರಂಭ ಅಂದುಕೊಳ್ಳುತ್ತದೆ. ಶುರುವಿನಲ್ಲೇ ಐದು ಸಲ ಸೋತರೆ 5 ಆರ್ ಬದಲು 4 ಆರ್ ತೋರಿಸುತ್ತದೆ. ಎಕ್ಸೆಲ್ ಸೂತ್ರದಲ್ಲಿ `MAX` ಒಳಗೆ ಇರುವ ಸೊನ್ನೆಯ ಕೆಲಸವೂ ಅದೇ. ಸಣ್ಣ ತಪ್ಪು, ಆದರೆ ತುಂಬಾ ಜನ ಮಾಡುತ್ತಾರೆ. ಮೇಲೆ ಕೈಯಲ್ಲಿ ಮಾಡಿದ ಹತ್ತು ಟ್ರೇಡ್‌ನ ಎರಡು ಕ್ರಮಗಳನ್ನು `maxdd`ಗೆ ಕೊಟ್ಟು 2 ಮತ್ತು 4 ಬರುತ್ತದಾ ಅಂತ ಮೊದಲು ಪರೀಕ್ಷೆ ಮಾಡಿ.

ಹತ್ತು ಸಾವಿರವೇ ಯಾಕೆ? ಸಾವಿರ ಸಲ ಕಲಸಿದರೆ ಅತಿ ಕೆಟ್ಟ ನೂರಕ್ಕೆ ಒಂದು ಅನ್ನುವ ಗೆರೆಯ ಆಚೆ ಹತ್ತೇ ಕಲಸು ಇರುತ್ತವೆ, ಪ್ರತಿ ಸಲ ಓಡಿಸಿದಾಗಲೂ ಆ ಗೆರೆ ಅಲ್ಲಾಡುತ್ತದೆ. ಹತ್ತು ಸಾವಿರದಲ್ಲಿ ನೂರು ಇರುತ್ತವೆ, ಸಾಕಷ್ಟು ಸ್ಥಿರ. ಲಕ್ಷ ಸಲ ಓಡಿಸಿ ಖುಷಿ ಪಡಬೇಕಿಲ್ಲ, ಯಾಕೆಂದರೆ ನಮ್ಮ ಹತ್ತಿರ ಇರುವ ಮಾಹಿತಿ 120 ಟ್ರೇಡ್‌ನದ್ದೇ. ಎಷ್ಟು ಕಲಸಿದರೂ ಅದು 121 ಆಗುವುದಿಲ್ಲ.

ಬಂದ ಸಂಖ್ಯೆ ಓದುವುದು

ನನ್ನ ಲಾಗ್‌ಗೆ ಮಧ್ಯದ ಸಂಖ್ಯೆ ಸುಮಾರು 10 ಆರ್. ಅಂದರೆ ಅರ್ಧದಷ್ಟು ಕಲಸುಗಳಲ್ಲಿ ಡ್ರಾಡೌನ್ 50,000 ರೂಪಾಯಿ ಅಥವಾ ಅದಕ್ಕಿಂತ ಜಾಸ್ತಿ. ನೂರಕ್ಕೆ 95 ಕಲಸುಗಳು 16–17 ಆರ್ ಒಳಗೆ ಇವೆ. 99ರ ಗೆರೆ 20 ಆರ್ ಆಸುಪಾಸು. ನಿಜವಾಗಿ ನಡೆದ 7 ಆರ್ ಎಲ್ಲಿದೆ ಗೊತ್ತಾ? ನೂರಕ್ಕೆ ಸುಮಾರು 90 ಕಲಸುಗಳಲ್ಲಿ ಡ್ರಾಡೌನ್ 7 ಆರ್‌ಗಿಂತ ದೊಡ್ಡದು.

ನನ್ನ ಅದೃಷ್ಟ ಚೆನ್ನಾಗಿತ್ತು, ಅಷ್ಟೇ. ಡೈರಿಯಲ್ಲಿ ಬರೆದ 40,000ದ ಗೆರೆ, ಅಂದರೆ 8 ಆರ್, ಸಿಸ್ಟಮ್ ಪೂರ್ತಿ ಆರೋಗ್ಯವಾಗಿದ್ದಾಗಲೂ ಅರ್ಧಕ್ಕಿಂತ ಹೆಚ್ಚು ಸಲ ಮುರಿಯುತ್ತಿತ್ತು. ಕೆಟ್ಟಿರದ ಸಿಸ್ಟಮನ್ನು ಕೆಟ್ಟಿದೆ ಅಂತ ಬಿಟ್ಟು ಹೊಸದು ಹುಡುಕಿಕೊಂಡು ಹೋಗುತ್ತಿದ್ದೆ. ನಮ್ಮಲ್ಲಿ ತುಂಬಾ ಜನ ವರ್ಷಕ್ಕೆ ನಾಲ್ಕು ಸಿಸ್ಟಮ್ ಬದಲಾಯಿಸುವುದಕ್ಕೆ ಇದೂ ಒಂದು ಕಾರಣ ಅಂತ ನನ್ನ ಅನುಮಾನ.

ನಿಮ್ಮ ಲಾಗ್‌ನ ಟ್ರೇಡ್‌ಗಳು ಪ್ರತಿ ಸಲ ಕ್ಯಾಪಿಟಲ್‌ನ ಇಂತಿಷ್ಟು ಶೇಕಡ ಅಂತ ಹಾಕಿದ್ದಾದರೆ ಕೂಡುವ ಬದಲು ಗುಣಿಸಬೇಕು. ಶೇಕಡ 1 ರಿಸ್ಕ್‌ಗೆ `np.cumprod(1 + 0.01*x)` ಬಳಸಿ, ಆರಂಭಕ್ಕೆ ಸೊನ್ನೆ ಬದಲು 1 ಇಡಿ, ಇಳಿತವನ್ನು ಆ ಎತ್ತರದ ಶೇಕಡವಾಗಿ ಅಳೆಯಿರಿ. ಉಳಿದದ್ದೆಲ್ಲ ಹಾಗೇ.

ಕಲಸಿದರೆ ಮಾತ್ರ ಸಾಲದು

ಬರೀ ಕಲಸುವುದರಲ್ಲಿ ಒಂದು ಗುಟ್ಟಿನ ಊಹೆ ಅಡಗಿದೆ. ಹೇಗೆ ಕಲಸಿದರೂ ಕೊನೆಗೆ ಬರುವುದು ಅದೇ 24 ಆರ್ ಲಾಭ. ಅಂದರೆ ಮುಂದಿನ 120 ಟ್ರೇಡ್‌ನಲ್ಲೂ ಸರಿಯಾಗಿ 48 ಗೆಲುವು ಬಂದೇ ಬರುತ್ತದೆ ಅಂತ ನಾವು ಬರೆದುಕೊಟ್ಟ ಹಾಗಾಯಿತು. ಯಾರು ಹೇಳಿದರು? 42 ಬರಬಹುದು, 53 ಬರಬಹುದು.

ಇದಕ್ಕೆ ದಾರಿ ಸುಲಭ. 120 ಚೀಟಿ ಡಬ್ಬಿಗೆ ಹಾಕಿ, ಒಂದು ಎತ್ತಿ, ಬರೆದುಕೊಂಡು, ಮತ್ತೆ ಡಬ್ಬಿಗೇ ಹಾಕಿ. ಹೀಗೆ 120 ಸಲ. ಕೆಲವು ಚೀಟಿ ಮೂರು ಸಲ ಬರುತ್ತದೆ, ಕೆಲವು ಬರುವುದೇ ಇಲ್ಲ. ಇದನ್ನು ಬೂಟ್‌ಸ್ಟ್ರ್ಯಾಪ್ ಅನ್ನುತ್ತಾರೆ. ಕೋಡ್‌ನಲ್ಲಿ `rng.permutation(r)` ತೆಗೆದು ಇದನ್ನು ಹಾಕಿದರೆ ಆಯಿತು:

```python
rng.choice(r, size=120, replace=True)
```

ಈಗ ಮಧ್ಯದ ಸಂಖ್ಯೆ ಅಷ್ಟೇನೂ ಬದಲಾಗುವುದಿಲ್ಲ, 10ರ ಹತ್ತಿರವೇ. ಬದಲಾಗುವುದು ಬಾಲ. 95ರ ಗೆರೆ ಸುಮಾರು 18 ಆರ್‌ಗೆ, 99ರದ್ದು 24 ಆರ್ ಆಸುಪಾಸಿಗೆ ಹೋಗುತ್ತದೆ. ಕೆಟ್ಟ ಓಟಗಳಲ್ಲಿ ಕ್ರಮವೂ ಕೆಟ್ಟದ್ದು, ಗೆಲುವಿನ ಎಣಿಕೆಯೂ ಕಡಿಮೆ, ಎರಡೂ ಸೇರಿಕೊಳ್ಳುತ್ತವೆ. ಇನ್ನೊಂದು ಉಪಯೋಗ ಇದೆ. ಪ್ರತಿ ಓಟದ ಒಟ್ಟು ಲಾಭವನ್ನೂ ಬರೆದಿಟ್ಟುಕೊಳ್ಳಿ. ನನ್ನ ಲಾಗ್‌ಗೆ ನೂರಕ್ಕೆ ಸುಮಾರು 8 ಓಟಗಳಲ್ಲಿ 120 ಟ್ರೇಡ್ ಮುಗಿದ ಮೇಲೂ ಲಾಭ ಸೊನ್ನೆ ಅಥವಾ ನಷ್ಟ. 40 ಅಥವಾ ಅದಕ್ಕಿಂತ ಕಡಿಮೆ ಗೆದ್ದರೆ ಹಾಗಾಗುತ್ತದೆ. ಬರೀ ಕಲಸಿದರೆ ಇದು ಎಂದಿಗೂ ಕಾಣುವುದಿಲ್ಲ.

ಎರಡರಲ್ಲಿ ಯಾವುದು ನಂಬಬೇಕು? ನಡೆದು ಹೋದದ್ದರಲ್ಲಿ ಅದೃಷ್ಟ ಎಷ್ಟಿತ್ತು ಅಂತ ತಿಳಿಯಲು ಕಲಸು. ಮುಂದಕ್ಕೆ ದುಡ್ಡು ಎಷ್ಟು ಇಡಬೇಕು ಅಂತ ತಿಳಿಯಲು ಬೂಟ್‌ಸ್ಟ್ರ್ಯಾಪ್. ನಾನು ಹೀಗೆ ಇಟ್ಟುಕೊಂಡಿದ್ದೇನೆ.

ಇನ್ನು `size=120` ಅನ್ನುವುದನ್ನು ಗಮನಿಸಿ. ಇದು ನೀವು ಕೇಳುತ್ತಿರುವ ಪ್ರಶ್ನೆಯ ಉದ್ದ. ವರ್ಷಕ್ಕೆ 240 ಟ್ರೇಡ್ ಮಾಡುವವರು ವರ್ಷದ ಡ್ರಾಡೌನ್ ಬೇಕು ಅಂದರೆ 240 ಹಾಕಬೇಕು. ಓಟ ಉದ್ದವಾದಷ್ಟೂ ಅತಿ ದೊಡ್ಡ ಇಳಿತ ದೊಡ್ಡದಾಗುತ್ತಲೇ ಹೋಗುತ್ತದೆ. 120 ಟ್ರೇಡ್‌ಗೆ ಬಂದ 18 ಆರ್ ಹಿಡಿದುಕೊಂಡು ಐದು ವರ್ಷ ಕೂರಲು ಆಗುವುದಿಲ್ಲ.

ಸೋಲುಗಳು ಗುಂಪು ಕಟ್ಟಿಕೊಂಡು ಬಂದರೆ

ಕಲಸುವಾಗ ನಾವು ಇನ್ನೊಂದು ವಿಷಯ ಒಪ್ಪಿಕೊಂಡಿರುತ್ತೇವೆ. ಒಂದು ಟ್ರೇಡ್‌ಗೂ ಮುಂದಿನದಕ್ಕೂ ಸಂಬಂಧ ಇಲ್ಲ ಅಂತ. ಟ್ರೆಂಡ್ ಹಿಡಿಯುವ ಸಿಸ್ಟಮ್‌ಗಳಲ್ಲಿ ಇದು ಅಷ್ಟು ನಿಜವಲ್ಲ. ಮಾರ್ಕೆಟ್ ಒಂದು ತಿಂಗಳು ಒಂದೇ ಪಟ್ಟಿಯೊಳಗೆ ಓಲಾಡಿದರೆ ಬ್ರೇಕ್‌ಔಟ್‌ಗಳೆಲ್ಲ ಸಾಲಾಗಿ ಸೋಲುತ್ತವೆ. ಕಲಸಿದರೆ ಆ ಸಾಲು ಒಡೆದು, ಸೋಲುಗಳೆಲ್ಲ ಗೆಲುವುಗಳ ನಡುವೆ ಹರಡಿ, ಚಿತ್ರ ಸೌಮ್ಯವಾಗುತ್ತದೆ.

ನಿಮ್ಮಲ್ಲಿ ಹೀಗಿದೆಯಾ ಅಂತ ತಿಳಿಯಲು ನಿಜವಾದ ಡ್ರಾಡೌನನ್ನು ಕಲಸಿದ ಸಂಖ್ಯೆಗಳ ಪಕ್ಕ ಇಡಿ. ನೂರರಲ್ಲಿ 97ನೇ ಜಾಗದಲ್ಲೋ 98ರಲ್ಲೋ ಬಂದು ನಿಂತರೆ ಎರಡೇ ಸಾಧ್ಯತೆ: ಒಂದೋ ತುಂಬಾ ಕೆಟ್ಟ ಅದೃಷ್ಟ, ಇಲ್ಲವೋ ಸೋಲುಗಳು ಒಟ್ಟೊಟ್ಟಿಗೆ ಬರುತ್ತಿವೆ. ಎರಡನೆಯದನ್ನೇ ನಂಬಿ ನಡೆಯುವುದು ಕ್ಷೇಮ. ಆಗ ಚೀಟಿಗಳನ್ನು ಒಂದೊಂದಾಗಿ ಎತ್ತುವ ಬದಲು ಅಕ್ಕಪಕ್ಕದ ಏಳೆಂಟು ಟ್ರೇಡ್‌ಗಳ ತುಂಡನ್ನೇ ಎತ್ತಬೇಕು:

```python
def block(x, n, b):
    s = rng.integers(0, len(x), size=-(-n//b))
    idx = (s[:, None] + np.arange(b)) % len(x)
    return x[idx].ravel()[:n]
```

`block(r, 120, 8)` ಅಂದರೆ 8ರ ತುಂಡುಗಳು. 5, 8, 12 ಮೂರನ್ನೂ ಓಡಿಸಿ ನೋಡಿ, ಡ್ರಾಡೌನ್ ಎಲ್ಲಿ ಬೆಳೆಯುವುದು ನಿಲ್ಲುತ್ತದೋ ಆ ಅಳತೆ ಇಟ್ಟುಕೊಳ್ಳಿ. 120 ಟ್ರೇಡ್‌ನ ಲಾಗ್‌ನಲ್ಲಿ 30ರ ತುಂಡು ಹಾಕಿದರೆ ಬರೀ ನಾಲ್ಕು ತುಂಡು ಜೋಡಿಸಿದ ಹಾಗೆ, ಅದರಿಂದ ಏನೂ ತಿಳಿಯುವುದಿಲ್ಲ. ಒಂದು ಎಚ್ಚರಿಕೆ: ಇದಕ್ಕೆ ಲಾಗ್ ತಾರೀಕಿನ ಕ್ರಮದಲ್ಲೇ ಇರಬೇಕು. ಮೇಲೆ ನಾನು ಕೊಟ್ಟ `r`ನಲ್ಲಿ 48 ಗೆಲುವು ಮೊದಲು, 72 ಸೋಲು ಆಮೇಲೆ ಇವೆ. ಅದನ್ನೇ ಇಲ್ಲಿ ಹಾಕಿದರೆ ಭಯಂಕರ ಸಂಖ್ಯೆ ಬರುತ್ತದೆ, ಗಾಬರಿ ಬೀಳಬೇಡಿ.

ಡಬ್ಬಿಯಲ್ಲಿ ಇಲ್ಲದ ಚೀಟಿ

2024ರ ಜೂನ್ 4, ಲೋಕಸಭೆ ಚುನಾವಣೆ ಎಣಿಕೆಯ ದಿನ, ನಿಫ್ಟಿ ಒಂದೇ ದಿನ ಶೇಕಡ 5.9 ಬಿತ್ತು. 2020ರ ಮಾರ್ಚ್ 23ರಂದು ಶೇಕಡ 13ರಷ್ಟು. ನಿಮ್ಮ ಲಾಗ್ ಅಂಥ ದಿನವನ್ನು ಕಂಡಿಲ್ಲದಿದ್ದರೆ, ನೀವು ಎಷ್ಟೇ ಕಲಸಿ, ಅಂಥ ನಷ್ಟ ಡಬ್ಬಿಯಿಂದ ಹೊರಗೆ ಬರುವುದಿಲ್ಲ. ಇರುವ ಚೀಟಿ ಮಾತ್ರ ಬರುತ್ತದೆ. ದಿನದೊಳಗೇ ಮುಗಿಸುವವರಿಗೆ ಈ ತೊಂದರೆ ಕಡಿಮೆ. ರಾತ್ರಿ ಪೊಸಿಷನ್ ಇಟ್ಟುಕೊಳ್ಳುವವರು, ಅದರಲ್ಲೂ ಆಪ್ಷನ್ ಮಾರುವವರು ಇಲ್ಲಿ ಮೋಸ ಹೋಗುತ್ತಾರೆ. ತಿಂಗಳುಗಟ್ಟಲೆ ಚಿಕ್ಕ ಚಿಕ್ಕ ಗೆಲುವಿನ ಲಾಗ್ ಕಲಸಿದರೆ ಡ್ರಾಡೌನ್ 3 ಆರ್ ಅಂತ ಬರುತ್ತದೆ, ನಂಬಿಕೊಂಡು ಲಾಟ್ ಹೆಚ್ಚಿಸುತ್ತಾರೆ.

ಇದಕ್ಕೆ ನಾನು ಮಾಡುವುದು ತೀರಾ ಒರಟು ಉಪಾಯ. ಸ್ಟಾಪ್ ದಾಟಿ ಗ್ಯಾಪ್ ಆದರೆ ನನ್ನ ಪೊಸಿಷನ್‌ಗೆ ಎಷ್ಟು ಹೋಗಬಹುದು ಅಂತ ಲೆಕ್ಕ ಹಾಕಿ, ಆ ನಷ್ಟದ ಒಂದು ಚೀಟಿ ಕೈಯಾರೆ ಸೇರಿಸುತ್ತೇನೆ. ನನಗೆ ಅದು −6 ಆರ್ ಆಯಿತು.

```python
r2 = np.append(r, -6.0)
```

120ಕ್ಕೆ ಒಂದು ಸರಿಯಾ, 300ಕ್ಕೆ ಒಂದು ಸರಿಯಾ ಅನ್ನುವುದು ಲೆಕ್ಕಕ್ಕೆ ಸಿಗುವ ಪ್ರಶ್ನೆ ಅಲ್ಲ, ನಮ್ಮ ಅಂದಾಜು. ಆದರೆ ಸೊನ್ನೆ ಅಂತೂ ಸರಿಯಲ್ಲ.

ಹಾಗೇ, ಇಲ್ಲಿ ಅಳೆಯುತ್ತಿರುವುದು ಮುಗಿದ ಟ್ರೇಡ್‌ಗಳ ಡ್ರಾಡೌನ್. ತೆರೆದಿರುವಾಗ −0.9 ಆರ್‌ಗೆ ಹೋಗಿ ವಾಪಸ್ ಬಂದು ಗೆದ್ದ ಟ್ರೇಡ್ ಲಾಗ್‌ನಲ್ಲಿ ಬರೀ +2. ಖಾತೆಯ ಪರದೆಯಲ್ಲಿ ನೀವು ನೋಡುವ ಇಳಿತ ಇದಕ್ಕಿಂತ ಒಂದು ಟ್ರೇಡ್‌ನಷ್ಟು ಆಳ ಇರಬಹುದು.

ಸೈಜ್ ತೀರ್ಮಾನ

ಉಲ್ಟಾ ಕಡೆಯಿಂದ ಬನ್ನಿ. 5 ಲಕ್ಷದಲ್ಲಿ ಎಷ್ಟು ಇಳಿದರೆ ನೀವು ಬಟನ್ ಒತ್ತುವುದನ್ನು ಬಿಡುತ್ತೀರಿ? ನನಗೆ ಅದು 75,000. ಬೂಟ್‌ಸ್ಟ್ರ್ಯಾಪ್‌ನ 95ರ ಗೆರೆ 18 ಆರ್. 75,000ವನ್ನು 18ರಿಂದ ಭಾಗಿಸಿದರೆ 4,166. ಹಾಗಾಗಿ 5,000 ಇದ್ದ ರಿಸ್ಕನ್ನು 4,000ಕ್ಕೆ ಇಳಿಸಿದೆ. ಈಗ 18 ಆರ್ ಅಂದರೆ 72,000.

ನಿಲ್ಲಿಸುವ ಗೆರೆಯೂ ಬದಲಾಯಿತು. 8 ಆರ್‌ಗೆ ನಿಲ್ಲಿಸುವುದಿಲ್ಲ. 10 ಆರ್ ಆದರೂ ಮಾಮೂಲಿ ದಿನದ ಹಾಗೆ ಟ್ರೇಡ್ ಹಾಕುತ್ತೇನೆ, ಅದು ಮಧ್ಯದ ಸಂಖ್ಯೆ ಅಷ್ಟೇ. 18 ದಾಟಿದರೆ ಹೊಸ ಟ್ರೇಡ್ ನಿಲ್ಲಿಸಿ ಲಾಗ್ ಕೂತು ನೋಡುತ್ತೇನೆ: ಗೆಲುವಿನ ಪ್ರಮಾಣ ಶೇಕಡ 40ರಿಂದ ಇಳಿದಿದೆಯಾ, ಸರಾಸರಿ ಸೋಲು −1ರಿಂದ −1.3ಕ್ಕೆ ಜಾರಿದೆಯಾ, ಖರ್ಚು ಏರಿದೆಯಾ. ಪ್ರತಿ 30 ಟ್ರೇಡ್‌ಗೆ ಒಂದು ಸಲ ಹೊಸ ಲಾಗ್ ಹಾಕಿ ಪೂರ್ತಿ ಲೆಕ್ಕ ಮತ್ತೆ ಓಡಿಸುತ್ತೇನೆ. ಹಳೆಯ 95ರ ಸಂಖ್ಯೆ ಪಕ್ಕದಲ್ಲೇ ಬರೆದಿಟ್ಟಿರುತ್ತೇನೆ. ಅದು ಪ್ರತಿ ಸಲ ಮೇಲೆ ಮೇಲೆ ಹೋಗುತ್ತಿದ್ದರೆ ಡ್ರಾಡೌನ್ ಬರುವ ಮೊದಲೇ ರಿಸ್ಕ್ ಇಳಿಸಲು ಸಮಯ ಸಿಗುತ್ತದೆ.